ಶಾಲೆಯ ಸ್ವಚ್ಛತಾ ಪೋಸ್ಟರ್: ಯಾವ ಘೋಷಣೆ, ಯಾವ ವಿನ್ಯಾಸ, ಯಾವುದರ ಮೇಲೆ?

ಅಕ್ಟೋಬರ್ ಬಂತೆಂದರೆ ಶಾಲೆಗಳಲ್ಲಿ ಸ್ವಚ್ಛತಾ ಪೋಸ್ಟರ್‌ಗಳ ಕಾಲ. 2ಕ್ಕೆ ಗಾಂಧಿ ಜಯಂತಿ, 15ಕ್ಕೆ ವಿಶ್ವ ಕೈ ತೊಳೆಯುವ ದಿನ. ಚಿತ್ರಕಲಾ ಶಿಕ್ಷಕಿಯಾದ ನನಗೆ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಒಂದೇ ಮಾತು ಬರುತ್ತದೆ: "ಮೇಡಂ, ಒಂದು ಪೋಸ್ಟರ್ ಮಾಡ್ಸಿ, ಒಳ್ಳೆ ಸ್ಲೋಗನ್ ಇರ್ಲಿ." ಅದನ್ನು ಎಲ್ಲಿ ಹಾಕುತ್ತೇವೆ, ಯಾರು ಓದುತ್ತಾರೆ, ಓದುವಾಗ ಅವರ ಕೈಯಲ್ಲಿ ಏನಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಪೋಸ್ಟರ್ ಮುಖ್ಯ ಶಿಕ್ಷಕರ ಕೋಣೆಯ ಹೊರಗೋಡೆಗೆ ಹೋಗಿ ಕೂರುತ್ತದೆ. ಅತಿಥಿಗಳು ಬಂದಾಗ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಕ್ಕಳು ಮಾತ್ರ ಅತ್ತ ಸುಳಿಯುವುದೇ ಇಲ್ಲ.

ಇಲ್ಲಿ ಒಂದೇ ಜಾಗ ತೆಗೆದುಕೊಳ್ಳುತ್ತೇನೆ: ಬಿಸಿಯೂಟಕ್ಕೆ ಮೊದಲು ಮಕ್ಕಳು ಕೈ ತೊಳೆಯುವ ನಲ್ಲಿಗಳ ಸಾಲು. ಒಂದನೇ ತರಗತಿಯಿಂದ ಏಳನೆಯವರೆಗಿನ ಎಲ್ಲರೂ ದಿನಕ್ಕೊಮ್ಮೆ ಅಲ್ಲಿಗೆ ಬರುತ್ತಾರೆ. ತಟ್ಟೆ ಹಿಡಿದು ಸಾಲಿನಲ್ಲಿ ಕಾಯುತ್ತಾರೆ, ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲ. ಪೋಸ್ಟರ್ ಹೇಳುವ ಕೆಲಸವನ್ನು ಅದನ್ನು ಓದಿದ ಅರ್ಧ ನಿಮಿಷದೊಳಗೆ ಮಾಡಿಬಿಡಬಹುದಾದ ಜಾಗ ಶಾಲೆಯಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಘೋಷಣೆ, ಅಕ್ಷರದ ಗಾತ್ರ, ಯಾವುದರ ಮೇಲೆ ಬರೆಯುವುದು ಎಂಬ ಮೂರೂ ಆಯ್ಕೆಗಳನ್ನು ಈ ಜಾಗವೇ ತೀರ್ಮಾನಿಸಿಕೊಡುತ್ತದೆ.

ಘೋಷಣೆ: ಮೂರನ್ನು ಪಕ್ಕಪಕ್ಕ ಇಟ್ಟು ನೋಡೋಣ

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಬಗೆ: "ಸ್ವಚ್ಛತೆ ಕಾಪಾಡಿ, ಆರೋಗ್ಯ ಕಾಪಾಡಿ." ಅರ್ಥದಲ್ಲಿ ತಪ್ಪಿಲ್ಲ. ಆದರೆ ನಲ್ಲಿಯ ಮುಂದೆ ನಿಂತ ಮಗು ಇದನ್ನು ಓದಿ ಏನು ಮಾಡಬೇಕು? ಕಸ ಎತ್ತಬೇಕೋ, ಉಗುರು ಕತ್ತರಿಸಬೇಕೋ, ಕೈ ತೊಳೆಯಬೇಕೋ ಎಂಬುದು ಅದರಲ್ಲಿಲ್ಲ. ಜೊತೆಗೆ ಓದುವ ಕಷ್ಟ. "ಸ್ವಚ್ಛತೆ" ಪದದಲ್ಲಿ ಎರಡು ಒತ್ತಕ್ಷರಗಳಿವೆ, ಅದರಲ್ಲಿ ಒಂದು ಮಹಾಪ್ರಾಣ. ನಲಿ-ಕಲಿ ತರಗತಿಯ ಮಗು ಇನ್ನೂ ಗುಣಿತಾಕ್ಷರಗಳಲ್ಲಿರುತ್ತದೆ, ಅದಕ್ಕೆ ಇದು ಚಿತ್ರದಂತೆಯೇ ಕಾಣುತ್ತದೆ. ದೊಡ್ಡವರೇ ಇದನ್ನು "ಸ್ವಚ್ಚ" ಎಂದು ಬರೆದ ಬೋರ್ಡುಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ದೂರದಿಂದ ಆ ಎರಡು ಒತ್ತುಗಳೂ ಸೇರಿ ಕಪ್ಪು ಚುಕ್ಕೆಯಾಗುತ್ತವೆ.

ಎರಡನೆಯದು: "ಕೈ ತೊಳೆ, ಕೊಳೆ ಕಳೆ." ಇದು ನನ್ನ ಒಬ್ಬ ಸಹೋದ್ಯೋಗಿ ಕಟ್ಟಿದ್ದು. ಕೇಳಿದ ತಕ್ಷಣ ನನಗೆ ಖುಷಿಯಾಯಿತು. ತೊಳೆ, ಕೊಳೆ, ಕಳೆ, ಮೂರರಲ್ಲೂ "ಳೆ" ಕೂತಿದೆ, ಒಂದು ಒತ್ತಕ್ಷರವೂ ಇಲ್ಲ. ಮಕ್ಕಳು ಒಮ್ಮೆ ಕೇಳಿದರೆ ಹಾಡಿಕೊಂಡು ಓಡಾಡುತ್ತಾರೆ. ಇದಕ್ಕೆ ಎರಡು ಕೊರತೆಗಳಿವೆ. ಒಂದು, ಇದರಲ್ಲಿ ಸೋಪಿಲ್ಲ. ನಲ್ಲಿಯ ಹತ್ತಿರ ಬಂದ ಮಗು ನೀರಿನಲ್ಲಿ ಕೈ ಅದ್ದಿಯೇ ಅದ್ದುತ್ತದೆ, ಅದನ್ನು ಹೇಳಿಕೊಡಬೇಕಿಲ್ಲ. ಬಿಟ್ಟುಹೋಗುವುದು ಸೋಪು. ಬರೀ ನೀರು ಹಾಯಿಸಿಕೊಂಡು ಓಡಿದ ಮಗುವೂ "ನಾನು ತೊಳೆದೆ" ಎನ್ನಬಹುದು, ಘೋಷಣೆಯೂ ಅದನ್ನು ಒಪ್ಪಿಬಿಡುತ್ತದೆ. ಇನ್ನೊಂದು, ಏಕವಚನದ ಆಜ್ಞೆ. ಮನೆಯಲ್ಲಿ ಅಮ್ಮ "ಕೈ ತೊಳಿ" ಎನ್ನುವುದು ಸಹಜ, ಆದರೆ ಗೋಡೆಯ ಮೇಲೆ "ತೊಳೆ" ಎಂದು ಬರೆದಾಗ ಕೆಲವರಿಗೆ ಒರಟಾಗಿ ಕೇಳುತ್ತದೆ. "ತೊಳೆಯಿರಿ" ಎಂದು ತಿದ್ದಿದರೆ ಪ್ರಾಸ ಸತ್ತುಹೋಗುತ್ತದೆ.

ಮೂರನೆಯದು: "ಮೊದಲು ಸೋಪು, ಆಮೇಲೆ ಸಾರು."

ನಾನು ಆರಿಸುವುದು ಇದನ್ನೇ. ಕ್ರಿಯಾಪದವೇ ಇಲ್ಲ, ಹಾಗಾಗಿ ಏಕವಚನವೋ ಬಹುವಚನವೋ ಎಂಬ ಜಗಳವಿಲ್ಲ. ಬಿಟ್ಟುಹೋಗುವ ವಸ್ತು ಯಾವುದೋ ಅದೇ ಮೊದಲ ಸಾಲಿನಲ್ಲಿದೆ. ಸೋಪಿನ "ಸೋ", ಸಾರಿನ "ಸಾ" ಒಂದಕ್ಕೊಂದು ದನಿಗೂಡುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಸಾಲಿನಲ್ಲಿ ನಿಂತ ಮಗುವಿನ ಮೂಗಿಗೆ ಆಗಲೇ ಅಡುಗೆಮನೆಯ ಸಾರಿನ ವಾಸನೆ ಬಡಿಯುತ್ತಿರುತ್ತದೆ. ಪೋಸ್ಟರ್ ಆ ವಾಸನೆಯನ್ನೇ ಹಿಡಿದುಕೊಂಡು ಮಾತಾಡುತ್ತದೆ. ಸಾಬೂನು ಎನ್ನುವ ಊರಾದರೆ "ಮೊದಲು ಸಾಬೂನು, ಆಮೇಲೆ ಸಾರು" ಎಂದು ಬರೆಯಿರಿ, ದನಿ ಇನ್ನೂ ಹತ್ತಿರವಾಗುತ್ತದೆ. ಮಕ್ಕಳ ಮನೆಯಲ್ಲಿ ಯಾವ ಪದವಿದೆಯೋ ಅದೇ ಗೋಡೆಯ ಮೇಲೂ ಇರಬೇಕು.

ಈ ಘೋಷಣೆಗೆ ಮಿತಿಯೂ ಇದೆ. ಇದು ನಲ್ಲಿಯ ಹತ್ತಿರ ಮಾತ್ರ ಬದುಕುತ್ತದೆ. ಶೌಚಾಲಯದ ಬಾಗಿಲಿಗೆ ಅಂಟಿಸಿದರೆ ಅಸಹ್ಯ, ತರಗತಿಯಲ್ಲಿ ಹಾಕಿದರೆ ಅರ್ಥವಿಲ್ಲ. ಆ ಜಾಗಗಳಿಗೆ ಬೇರೆಯೇ ಬರೆಯಬೇಕು. ಶೌಚಾಲಯದ ಒಳಬಾಗಿಲಿಗೆ ನಾವು ಬರೆದದ್ದು "ನೀರು ಹಾಕು, ಬಾಗಿಲು ಹಾಕು." ಅಲ್ಲಿ ಮಗು ಒಂಟಿಯಾಗಿರುತ್ತದೆ, ಏಕವಚನ ಒರಟೆನಿಸಲಿಲ್ಲ. ಕಸದ ಬುಟ್ಟಿಗಳ ಹತ್ತಿರ "ಹಸಿ ಹಸಿರಿಗೆ, ಒಣ ನೀಲಿಗೆ." ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಎಂಬ ನಿಯಮವನ್ನು ಕನ್ನಡ ಪದವೇ ನೆನಪಿಡಿಸಿಕೊಡುತ್ತದೆ. ಈ ಅನುಕೂಲವನ್ನು ನಾವು ಬಳಸಿಕೊಳ್ಳದಿದ್ದರೆ ನಷ್ಟ ನಮ್ಮದೇ.

ವಿನ್ಯಾಸ: ಅಕ್ಷರ ಎಷ್ಟು ದೊಡ್ಡದು?

ಮೊದಲು ದೂರ ಅಳೆಯಿರಿ. ಊಟದ ಹೊತ್ತಿಗೆ ಸಾಲು ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿ ನಿಂತು ಗೋಡೆಯವರೆಗೆ ಹೆಜ್ಜೆ ಹಾಕಿ. ನಮ್ಮಲ್ಲಿ ಅದು 20 ಅಡಿ ಇತ್ತು. ಬೋರ್ಡು ಬರೆಯುವವರ ಲೆಕ್ಕದಲ್ಲಿ ಸಲೀಸಾಗಿ ಓದಲು 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಬೇಕು, ಅಂದರೆ 20 ಅಡಿಗೆ 2 ಇಂಚು. ಆದರೆ ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ಕನ್ನಡದಲ್ಲಿ ಅಕ್ಷರದ ಮೈಯನ್ನು ಮಾತ್ರ ಎಣಿಸಬೇಕು, ಮೇಲಿನ ಗುಡಿಸು, ಏತ್ವಗಳನ್ನಾಗಲಿ ಕೆಳಗಿನ ಒತ್ತನ್ನಾಗಲಿ ಸೇರಿಸಬಾರದು. ನಮ್ಮ ಅಕ್ಷರಗಳ ಒಳಸುರುಳಿಗಳು ಸಣ್ಣವಾದ್ದರಿಂದ ಸ್ವಲ್ಪ ಹೆಚ್ಚೇ ಇರಲಿ ಎಂದು ನಾನು ಎರಡೂವರೆ ಇಂಚು ಇಟ್ಟುಕೊಂಡೆ.

ಈಗ ಹಾಳೆಗೆ ಬನ್ನಿ. ಅಂಗಡಿಯಲ್ಲಿ ಸಿಗುವ ಚಾರ್ಟ್ 22 ಇಂಚು ಅಗಲ, 28 ಇಂಚು ಉದ್ದ. ಹೆಚ್ಚಿನವರು ಅದನ್ನು ನಿಲ್ಲಿಸಿ ಬಳಸುತ್ತಾರೆ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. "ಮೊ", "ಸೋ" ಇಂಥ ಅಕ್ಷರಗಳು ಬಲಕ್ಕೆ ಕೈ ಚಾಚುತ್ತವೆ, ಎರಡು ಸಾಮಾನ್ಯ ಅಕ್ಷರಗಳ ಜಾಗ ತಿನ್ನುತ್ತವೆ. ಹಾಳೆಯನ್ನು ಅಡ್ಡ ಮಲಗಿಸಿದರೆ 28 ಇಂಚು ಅಗಲ ಸಿಗುತ್ತದೆ. ಎಡಬಲ ಎರಡೆರಡು ಇಂಚು ಅಂಚು ಬಿಟ್ಟರೆ ಬರೆಯಲು 24 ಇಂಚು. ನಮ್ಮ ಘೋಷಣೆಯ ಎರಡೂ ಸಾಲುಗಳಲ್ಲಿ ಐದೈದು ಅಕ್ಷರ: ಮೊ-ದ-ಲು ಸೋ-ಪು, ಆ-ಮೇ-ಲೆ ಸಾ-ರು. ಮೇಲಿನ ಸಾಲು ಕೆಳಗಿನದಕ್ಕಿಂತ ಅಗಲವಾಗಿ ಬರುತ್ತದೆ, ಹಾಗಾಗಿ ಅದನ್ನೇ ಮೊದಲು ಪೆನ್ಸಿಲಿನಲ್ಲಿ ಹಾಕಿ ನೋಡಿ. 24 ಇಂಚಿನಲ್ಲಿ ಅದು ಕೂತರೆ ಕೆಳಗಿನದು ಕೂತೇ ಕೂರುತ್ತದೆ. ಕೂರದಿದ್ದರೆ ಎರಡೂ ಸಾಲನ್ನು ಒಟ್ಟಿಗೆ ಸ್ವಲ್ಪ ಕುಗ್ಗಿಸಿ. ಕೊನೆಯ "ಪು" ಒಂದನ್ನೇ ಅಂಚಿಗೆ ಇರುಕಿಸಿ ತೆಳ್ಳಗೆ ಬರೆಯುವ ಅಭ್ಯಾಸ ಬೇಡ, ದೂರದಿಂದ ಅದು ಬೇರೆ ಅಕ್ಷರವಾಗಿಬಿಡುತ್ತದೆ.

ಎತ್ತರದ ಹಂಚಿಕೆ ಹೀಗೆ: ಮೇಲೆ 2 ಇಂಚು ಖಾಲಿ, ಒಂದೊಂದು ಸಾಲಿಗೆ 4 ಇಂಚಿನಂತೆ ಎರಡು ಸಾಲಿಗೆ 8, ನಡುವೆ 1 ಇಂಚು ಬಿಡುವು, ಚಿತ್ರಕ್ಕೆ 9, ಕೆಳಗೆ ಮತ್ತೆ 2. ಒಟ್ಟು 22. ಎರಡೂವರೆ ಇಂಚಿನ ಅಕ್ಷರಕ್ಕೆ 4 ಇಂಚು ಏಕೆ ಎಂದರೆ, ಮೇಲಿನ ಸಾಲಿನ ಕೊಂಬು ಕೆಳಗಿನ ಸಾಲಿನ ಏತ್ವಕ್ಕೆ ತಾಗಬಾರದು. ಇಂಗ್ಲಿಷ್ ಪೋಸ್ಟರ್ ನೋಡಿ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಕನ್ನಡ ಉಸಿರುಗಟ್ಟುತ್ತದೆ.

ಚಿತ್ರ ಮೂರೇ ಇರಲಿ, ಎಡದಿಂದ ಬಲಕ್ಕೆ: ಬಲೆಚೀಲದಲ್ಲಿ ನೇತಾಡುವ ಸೋಪು, ನೊರೆ ತುಂಬಿದ ಎರಡು ಕೈ, ಆವಿಯಾಡುವ ಸ್ಟೀಲ್ ತಟ್ಟೆ. ಓದಲು ಬಾರದ ಒಂದನೇ ತರಗತಿಯವರಿಗೆ ಘೋಷಣೆ ಎಂದರೆ ಈ ಮೂರು ಚಿತ್ರಗಳೇ. ಸೋಪು ನಿಮ್ಮ ಶಾಲೆಯ ನಲ್ಲಿಯಲ್ಲಿ ಹೇಗಿದೆಯೋ ಹಾಗೇ ಬಿಡಿಸಿ. ಪಂಪು ಒತ್ತುವ ಬಾಟಲಿ ಬಿಡಿಸಿ ಗೋಡೆಯಲ್ಲಿ ಬಲೆಚೀಲ ಕಟ್ಟಿದರೆ ಮಗುವಿಗೆ ಎರಡೂ ಒಂದೇ ಎಂದು ಹೊಳೆಯುವುದಿಲ್ಲ. ಕೈ ತೊಳೆಯುವ ಆರೇಳು ಹಂತಗಳ ಚಿತ್ರಪಟವನ್ನು ಇದೇ ಹಾಳೆಗೆ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಅದು ಒಳ್ಳೆಯದೇ, ಆದರೆ ತರಗತಿಯ ಗೋಡೆಗೆ. ನಲ್ಲಿಯ ಬಳಿ ಅಷ್ಟು ಓದುವ ಹೊತ್ತಿಗೆ ಹಿಂದಿನವನು ತಳ್ಳಿರುತ್ತಾನೆ. ಶಾಲೆಯ ಹೆಸರು, ದಾನಿಗಳ ಹೆಸರು ಕೆಳಗಿನ ಅಂಚಿನಲ್ಲಿ ಅರ್ಧ ಇಂಚಿನಲ್ಲಿ ಬಂದರೆ ಸಾಕು.

ಬಣ್ಣದ ವಿಷಯ ಚಿಕ್ಕದು. ತಿಳಿ ಹಳದಿ ಅಥವಾ ಬಿಳಿಯ ಮೇಲೆ ಗಾಢ ನೀಲಿ ಇಲ್ಲವೇ ಕಪ್ಪು. ಹಸಿರಿನ ಮೇಲೆ ಕೆಂಪು ಬೇಡ, ಬಣ್ಣ ಗುರುತಿಸಲು ಕಷ್ಟವಿರುವ ಮಕ್ಕಳಿಗೆ ಅಕ್ಷರವೇ ಕಾಣುವುದಿಲ್ಲ. ಹಳದಿ-ಕೆಂಪು ಜೋಡಿಯನ್ನೂ ನಾನು ಬಿಡುತ್ತೇನೆ, ನಮ್ಮ ಮಕ್ಕಳ ಕಣ್ಣಿಗೆ ಅದು ರಾಜ್ಯೋತ್ಸವ.

ಯಾವುದರ ಮೇಲೆ: ಚಾರ್ಟ್, ಫ್ಲೆಕ್ಸ್, ಗೋಡೆ

ಮೊದಲ ವರ್ಷ ನಾನು ಮಕ್ಕಳಿಂದ ಚಾರ್ಟಿನಲ್ಲೇ ಬರೆಸಿದೆ. ಪೋಸ್ಟರ್ ಕಲರ್, ಒಂದು ಶನಿವಾರದ ಕೆಲಸ, ಮಕ್ಕಳಿಗೆ ಹೆಮ್ಮೆ. ನಲ್ಲಿಯ ಮೇಲೆ ಅಂಟಿಸಿದ ನಾಲ್ಕನೇ ದಿನ "ಸಾರು" ಪದದ ಕೆಂಪು ಕರಗಿ ಗೋಡೆಯುದ್ದಕ್ಕೂ ಇಳಿದಿತ್ತು. ಪೋಸ್ಟರ್ ಕಲರ್ ನೀರಿನಲ್ಲಿ ಕಲಸುವ ಬಣ್ಣ, ನೀರು ಬಿದ್ದರೆ ಮತ್ತೆ ಕರಗುತ್ತದೆ. ಸ್ಕೆಚ್ ಪೆನ್ನಿನದೂ ಇದೇ ಕಥೆ. ಪರ್ಮನೆಂಟ್ ಮಾರ್ಕರ್ ತಡೆಯುತ್ತದೆ, ಆದರೆ ಕಾಗದ ತಡೆಯಬೇಕಲ್ಲ. ಲ್ಯಾಮಿನೇಷನ್ ಮಾಡಿಸೋಣವೆಂದರೆ ಸಣ್ಣ ಊರಿನ ಜೆರಾಕ್ಸ್ ಅಂಗಡಿಯ ಯಂತ್ರ ಸಾಮಾನ್ಯವಾಗಿ ಎ3 ಅಳತೆಯವರೆಗೆ ಮಾತ್ರ ಹಿಡಿಯುತ್ತದೆ. ಇಡೀ ಚಾರ್ಟ್ ಅದರಲ್ಲಿ ಹೋಗುವುದಿಲ್ಲ. ಹಾಗಂತ ಚಾರ್ಟ್ ಕೆಟ್ಟದ್ದಲ್ಲ. ತರಗತಿಯೊಳಗೆ, ತಿಂಗಳಿಗೊಮ್ಮೆ ಬದಲಾಯಿಸುವ ಪೋಸ್ಟರಿಗೆ ಅದನ್ನು ಮೀರಿಸುವುದು ಇನ್ನೊಂದಿಲ್ಲ. ನೀರಿನ ಹತ್ತಿರ ಮಾತ್ರ ಬೇಡ.

ಫ್ಲೆಕ್ಸ್ ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಬೆಳಿಗ್ಗೆ ಹೇಳಿದರೆ ಸಂಜೆಗೆ ಕೈಗೆ ಬರುತ್ತದೆ. ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆ ಫ್ಲೆಕ್ಸ್, ಬ್ಯಾನರ್‌ಗಳೂ ಇವೆ. ಸ್ವಚ್ಛತೆಯ ಮಾತನ್ನೇ ನಿಷೇಧಿತ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸಿ ಮಕ್ಕಳ ಮುಂದೆ ಕಟ್ಟುವುದು ನನ್ನಿಂದಾಗದು. ಹರಿದ ಮೇಲೆ ಅದು ಹೋಗುವುದೂ ಶಾಲೆಯ ಹಿಂದಿನ ತಿಪ್ಪೆಗೇ. ಸನ್‌ಬೋರ್ಡಿನ ಮೇಲೆ ವಿನೈಲ್ ಅಂಟಿಸಿದ ಫಲಕ ಹೆಚ್ಚು ಗಟ್ಟಿ, ನೀರಿಗೆ ಅಂಜುವುದಿಲ್ಲ. ಅದೂ ಪ್ಲಾಸ್ಟಿಕ್ಕೇ. ಬಿಸಿಲು ಬೀಳುವ ಗೋಡೆಯಲ್ಲಾದರೆ ಹಳದಿ, ಕೆಂಪು ಮೊದಲು ಮಾಸಿ ಇಡೀ ಫಲಕ ನೀಲಿಗಟ್ಟುತ್ತದೆ.

ಹೇಗೂ ಅಚ್ಚು ಹಾಕಿಸುವುದೇ ಎಂದಾದರೆ ಅಂಗಡಿಯಲ್ಲಿ ಒಂದು ಎಚ್ಚರ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷಿನ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡಿನಲ್ಲಿ ಟೈಪಿಸಿದ್ದನ್ನು ಹಳೆಯ ವಿನ್ಯಾಸ ತಂತ್ರಾಂಶದಲ್ಲಿ ಅಂಟಿಸಿದರೆ ಒತ್ತಕ್ಷರ ಒಡೆದು ಅರ್ಧಾಕ್ಷರಗಳಾಗಿ ಸಾಲಾಗಿ ನಿಲ್ಲುತ್ತದೆ. ಎರಡಕ್ಕೂ ಮದ್ದು ಒಂದೇ: ನಿಮ್ಮಲ್ಲೇ ಸರಿಯಾಗಿ ಕಂಡದ್ದನ್ನು ಪಿಡಿಎಫ್ ಮಾಡಿ ಕೊಡಿ, ಅಚ್ಚಿಗೆ ಮೊದಲು ಅವರ ಪರದೆಯಲ್ಲಿ ಪ್ರತಿ ಅಕ್ಷರ ಓದಿ. ಫಾಂಟಿನಲ್ಲಿ Baloo Tamma 2 ದುಂಡಗೆ, ದಪ್ಪಗೆ ಇದ್ದು ಮಕ್ಕಳ ಪೋಸ್ಟರಿಗೆ ಹೊಂದುತ್ತದೆ. ಅದರ ಅತಿ ದಪ್ಪದ ರೂಪದಲ್ಲಿ ಒಳಸುರುಳಿಗಳು ಮುಚ್ಚಿಕೊಳ್ಳುತ್ತವೆ, ಒಂದು ಹಂತ ತೆಳುವಾದದ್ದು ವಾಸಿ.

ನಲ್ಲಿಯ ಬಳಿಗೆ ನನ್ನ ಆಯ್ಕೆ ಗೋಡೆ. ಇದಕ್ಕೊಂದು ಕಾರಣ ಬಾಂಗ್ಲಾದೇಶದ ಎರಡು ಹಳ್ಳಿ ಶಾಲೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಲ್ಲಿ ಯಾವ ಪಾಠವನ್ನೂ ಮಾಡಲಿಲ್ಲ. ಶೌಚಾಲಯದಿಂದ ಕೈ ತೊಳೆಯುವ ಜಾಗದವರೆಗೆ ಹಾದಿ ಮಾಡಿ, ಹಾದಿಯ ಮೇಲೆ ಬಣ್ಣದ ಹೆಜ್ಜೆಗುರುತು, ತೊಳೆಯುವ ಜಾಗದಲ್ಲಿ ಕೈಗುರುತು ಬಿಡಿಸಿದರು. ಮೊದಲು ಶೌಚದ ನಂತರ ಸೋಪು ಹಚ್ಚಿ ಕೈ ತೊಳೆಯುತ್ತಿದ್ದವರು ನೂರಕ್ಕೆ 4. ಮರುದಿನ ಅದು 68 ಆಯಿತು, ಆರು ವಾರದ ನಂತರವೂ 74 ಇತ್ತು. ಬಣ್ಣ ಜಾಗಕ್ಕೇ ಅಂಟಿಕೊಂಡಾಗ ಅದು ನೋಡುವ ವಸ್ತುವಾಗಿ ಉಳಿಯದೆ ಆ ಜಾಗದ ಭಾಗವೇ ಆಗುತ್ತದೆ. ಹಾಗಾಗಿ ನಾವೂ ಘೋಷಣೆಯ ಜೊತೆ ಸಾಲು ನಿಲ್ಲುವ ನೆಲದಲ್ಲಿ ಪುಟ್ಟ ಪಾದಗಳನ್ನು ಬಿಡಿಸಿದೆವು.

ಗೋಡೆಯ ಕೆಲಸದಲ್ಲಿ ಕೈಕೊಡುವುದು ಬಣ್ಣಕ್ಕಿಂತ ಅದರ ಕೆಳಗಿನ ಮೈ. ಸುಣ್ಣದ ಮೇಲೆ ನೇರವಾಗಿ ಎನಾಮೆಲ್ ಹೊಡೆದರೆ ಒಂದೇ ಮಳೆಗಾಲದಲ್ಲಿ ಸುಣ್ಣದ ಸಮೇತ ಹಪ್ಪಳವಾಗಿ ಏಳುತ್ತದೆ. ಮೊದಲು ಸುಣ್ಣ ಕೆರೆದು, ಉಜ್ಜುಕಾಗದ ಹಾಕಿ, ಪ್ರೈಮರ್ ಹೊಡೆದು ಒಂದು ದಿನ ಒಣಗಲು ಬಿಡಬೇಕು. ಗೋಡೆಯೊಳಗೆ ತೇವವಿದೆಯೇ ಎಂದು ತಿಳಿಯಲು ಒಂದು ಅಡಿ ಚೌಕದ ಪಾರದರ್ಶಕ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಮರುದಿನ ನೋಡಿ. ಒಳಮೈಯಲ್ಲಿ ಬೆವರಿನಂತೆ ಹನಿಗಳಿದ್ದರೆ ಆ ಗೋಡೆ ಬಣ್ಣ ಹಿಡಿಯುವುದಿಲ್ಲ, ನಲ್ಲಿಯ ಸೋರಿಕೆ ನಿಲ್ಲಿಸುವವರೆಗೆ ಕಾಯಿರಿ. ಮೊದಲ ಬಾರಿ ನಾವು ಕಾಯಲಿಲ್ಲ, ಎರಡು ತಿಂಗಳಲ್ಲಿ "ಮೊದಲು" ಪದದ ಅರ್ಧ ಗುಳ್ಳೆ ಎದ್ದು ಉದುರಿತು.

ಚಾರ್ಟಿನ ಅಳತೆಯನ್ನೇ ದುಪ್ಪಟ್ಟು ಮಾಡಿ 56 ಇಂಚು ಅಗಲ, 44 ಇಂಚು ಎತ್ತರಕ್ಕೆ ಬರೆದರೆ ಹಂಚಿಕೆಯ ಲೆಕ್ಕ ಬದಲಾಗುವುದಿಲ್ಲ. ದಾರಕ್ಕೆ ಬಣ್ಣದ ಪುಡಿ ಸವರಿ, ಎರಡು ತುದಿ ಹಿಡಿದು ನಡುವೆ ಎಳೆದು ಬಿಟ್ಟರೆ ನೇರ ಗೆರೆ ಬೀಳುತ್ತದೆ. ರಟ್ಟಿನಲ್ಲಿ ಅಕ್ಷರ ಕತ್ತರಿಸಿ ಅಚ್ಚು ಮಾಡುವುದಾದರೆ "ರು"ವಿನ ಉಂಗುರದೊಳಗಿನ ತುಂಡು ಉದುರಿಹೋಗುತ್ತದೆ. ಅದನ್ನು ಹಿಡಿದಿಡಲು ಎರಡು ಕಡೆ ಕಾಲಿಂಚು ಸೇತುವೆ ಬಿಟ್ಟು ಕತ್ತರಿಸಿ, ಬಣ್ಣ ಒಣಗಿದ ಮೇಲೆ ಕುಂಚದಿಂದ ಸೇರಿಸಿ.

ಎತ್ತರವನ್ನು ದೊಡ್ಡವರು ತಮ್ಮ ಕಣ್ಣಳತೆಗೆ ಇಡುತ್ತಾರೆ. ಒಂದನೇ ತರಗತಿಯ ಮಗುವಿನ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿಯಲ್ಲಿರುತ್ತದೆ. ನಲ್ಲಿಯ ನೀರು ಸಿಡಿಯದಷ್ಟು ಮೇಲೆ, ಅಂದರೆ ನಲ್ಲಿಯಿಂದ ಒಂದು ಅಡಿ ಬಿಟ್ಟು ಚಿತ್ರಗಳು ಶುರುವಾಗಲಿ, ಅಕ್ಷರಗಳು ಅದರ ಮೇಲೆ. ಓದಲು ಬಾರದ ಚಿಕ್ಕವರಿಗೆ ಚಿತ್ರ ಕಣ್ಣೆದುರಿಗೆ ಬರುತ್ತದೆ, ಓದುವ ದೊಡ್ಡವರಿಗೆ ಘೋಷಣೆ.

ಗೋಡೆಗೆ ಹಾಕುವ ಮೊದಲು ಪೆನ್ಸಿಲ್ ಕರಡನ್ನು ಎರಡನೇ ತರಗತಿಯ ಒಂದು ಮಗುವಿಗೆ ತೋರಿಸಿ ಮಡಿಸಿಬಿಡಿ. "ಇದರಲ್ಲಿ ಏನ್ ಮಾಡು ಅಂತ ಇದೆ ಪುಟ್ಟಾ?" ಎಂದು ಕೇಳಿ. "ಸ್ವಚ್ಛತೆ ಬಗ್ಗೆ ಮಿಸ್" ಎಂದರೆ ಕರಡು ಸೋತಿತು. "ಸೋಪ್ ಹಚ್ಕೋಬೇಕು" ಎಂದರೆ ಬಣ್ಣದ ಡಬ್ಬಿ ತೆರೆಯಬಹುದು.

ಬರೆದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ಗೋಡೆ ನೋಡಿದರೆ ಗೊತ್ತಾಗುವುದಿಲ್ಲ, ಸೋಪು ನೋಡಬೇಕು. ಪೋಸ್ಟರಿಗೆ ಮೊದಲಿನ ಎರಡು ವಾರ, ನಂತರದ ಎರಡು ವಾರ ಬಲೆಚೀಲಕ್ಕೆ ಎಷ್ಟು ಸೋಪು ಹಾಕಿದಿರೆಂದು ಅಡುಗೆಯವರ ಪುಸ್ತಕದಲ್ಲೇ ಒಂದು ಮೂಲೆಯಲ್ಲಿ ಗುರುತು ಹಾಕಿಸಿ. ನಮ್ಮಲ್ಲಿ ಸೋಪು ಬೇಗ ಸವೆಯತೊಡಗಿತು, ಒಂದು ಮಂಗಳವಾರ ಚೀಲ ಖಾಲಿಯಾಯಿತು. ಅಂದು ಮೂರನೇ ತರಗತಿಯ ಹುಡುಗಿಯೊಬ್ಬಳು ತಟ್ಟೆ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದು, "ಮಿಸ್, ಸೋಪ್ ಇಲ್ಲ, ಸಾರು ಹಾಕಿಸ್ಕೊಳ್ಳೋದು ಹೇಗೆ?" ಎಂದು ಕೇಳಿದಳು.